ಬೆಣ್ಣೆ ದೋಸೆಗೆ 20 ಸೆಕೆಂಡಿನ ಜಾಹೀರಾತು: ಹತ್ತಿರದ ಶಾಟ್, ಸದ್ದು, ಮಾತು – ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಹೋಟೆಲುಗಳಿಗೆ ಮೊಬೈಲಿನಲ್ಲೇ ಜಾಹೀರಾತು ಮಾಡಿಕೊಡುವಾಗ ಮಾಲೀಕರು, ಅಡುಗೆಯವರು, ಈ ಕೆಲಸ ಕಲಿಯಲು ಬರುವ ಹುಡುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಎಲ್ಲ ತಿಂಡಿಗಳ ಬಗ್ಗೆ ಒಟ್ಟಿಗೆ ಹೇಳಿದರೆ ಯಾವುದೂ ಸರಿಯಾಗಿ ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ದಾವಣಗೆರೆ ಶೈಲಿಯ ಬೆಣ್ಣೆ ದೋಸೆ. ಹೊಳಪು, ಬಣ್ಣ, ಸದ್ದು, ಹಬೆ, ಮೆತ್ತಗಿನ ಒಳಭಾಗ, ಎಲ್ಲವೂ ಅದರಲ್ಲಿವೆ.

20 ಸೆಕೆಂಡಿನಲ್ಲಿ ಏನೇನು ತೋರಿಸಬೇಕು?

ಮೊದಲು ಕೆಲಸ ಹಂಚಿಕೊಳ್ಳಿ. ಕ್ಯಾಮೆರಾಗೆ ಬಣ್ಣ, ಹೊಳಪು, ಹಬೆ ಕಾಣುತ್ತದೆ. ಮೈಕಿಗೆ ಬೆಣ್ಣೆ ಚುಂಯ್ ಅನ್ನುವುದು, ಅಂಚು ಮುರಿಯುವುದು ಕೇಳುತ್ತದೆ. ಆದರೆ ಘಮ ಎರಡಕ್ಕೂ ಸಿಗುವುದಿಲ್ಲ. ರುಚಿಯೂ ಸಿಗುವುದಿಲ್ಲ. ಬಾಯಿಗೆ ಹಾಕಿದಾಗ ಹೇಗಿರುತ್ತದೆ ಅನ್ನುವುದು ಅರ್ಧ ಮಾತ್ರ ಸಿಗುತ್ತದೆ. ಅಲ್ಲಿಗೆ ಮಾತು ಬೇಕು.

ಹೆಚ್ಚಿನ ಜಾಹೀರಾತುಗಳು ಇಲ್ಲೇ ಎಡವುತ್ತವೆ. ಚಿತ್ರದಲ್ಲಿ ಹೊಂಬಣ್ಣದ ದೋಸೆ ಕಾಣುತ್ತಿರುತ್ತದೆ, ಹಿಂದಿನಿಂದ ದನಿಯೂ "ಹೊಂಬಣ್ಣದ ದೋಸೆ" ಅನ್ನುತ್ತದೆ. ಕಣ್ಣಿಗೆ ಕಂಡದ್ದನ್ನೇ ಕಿವಿಗೆ ಮತ್ತೆ ಹೇಳಿದರೆ ಆ ಎರಡು ಸೆಕೆಂಡು ದಂಡ. ಅದೇ ಜಾಗದಲ್ಲಿ "ಕಾದ ಬೆಣ್ಣೆಯ ಘಮ" ಅಂದರೆ ನೋಡುವವರ ಮೂಗು ಕೂಡ ಎಚ್ಚರವಾಗುತ್ತದೆ. ಮುಂದಿನ ಉತ್ತರಗಳಲ್ಲಿ ಬಹುತೇಕ ಎಲ್ಲವೂ ಈ ಒಂದು ಲೆಕ್ಕದ ಮೇಲೇ ನಿಂತಿವೆ.

ಯಾವ ಶಾಟಿನಿಂದ ಶುರು ಮಾಡಬೇಕು? ಹಿಟ್ಟು ಹುಯ್ಯುವುದರಿಂದಲಾ?

ಅಡುಗೆಯ ಕ್ರಮದಲ್ಲೇ ತೋರಿಸಬೇಕು ಅಂತ ನಿಯಮ ಇಲ್ಲ. ಮೊಬೈಲಿನಲ್ಲಿ ನೋಡುವವರು ಮೊದಲ ಒಂದೆರಡು ಸೆಕೆಂಡಿನಲ್ಲೇ ಮುಂದೆ ಸರಿಸಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ. ಬಿಳಿ ಹಿಟ್ಟು ಕಪ್ಪು ಕಾವಲಿಗೆ ಬೀಳುವುದು ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಇನ್ನೂ ತಿನ್ನುವಂಥದ್ದು ಏನೂ ಇಲ್ಲ.

ನಾನು ಬೆಣ್ಣೆಯಿಂದ ಶುರು ಮಾಡುತ್ತೇನೆ. ಕಾವಲಿಯ ಮೇಲೆ ಅರ್ಧ ಬೆಂದ ದೋಸೆ, ಅದರ ಮೇಲೆ ನೆಲ್ಲಿಕಾಯಿ ಗಾತ್ರದ ಬೆಣ್ಣೆ ಮುದ್ದೆ. ಅದು ಅಂಚಿನ ಕಡೆ ಜಾರುತ್ತಾ ಕರಗುತ್ತದೆ, ಅಂಚಿನಲ್ಲಿ ನೊರೆ ಬರುತ್ತದೆ, ಚುಂಯ್ ಅನ್ನುತ್ತದೆ. ಎರಡೂವರೆ ಸೆಕೆಂಡು. ಮಾತಿಲ್ಲ, ಸಂಗೀತವೂ ಇಲ್ಲ. ಹಿಟ್ಟು ಹರಡುವ ಶಾಟು ಆಮೇಲೆ ಬಂದರೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ದೋಸೆ ಹೇಗಾಗುತ್ತದೆ ಅನ್ನುವುದು ನಮ್ಮವರಿಗೆ ಗೊತ್ತಿರುವ ವಿಷಯವೇ ಅಲ್ವಾ.

ಬೆಣ್ಣೆ ಹಾಕಿದಾಗ ಸದ್ದು ಬರುತ್ತದೆ, ತುಪ್ಪ ಹಾಕಿದಾಗ ಅಷ್ಟು ಬರುವುದಿಲ್ಲ. ಯಾಕೆ?

ಸದ್ದು ಮಾಡುವುದು ಜಿಡ್ಡಲ್ಲ, ನೀರು. ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು ಇದ್ದರೆ 16 ಭಾಗದಷ್ಟು ನೀರಿರುತ್ತದೆ. ಮನೆಯಲ್ಲಿ ಕಡೆದು ತೆಗೆದ ಬಿಳಿ ಬೆಣ್ಣೆಯಲ್ಲಿ ನೀರು ಇನ್ನೂ ಜಾಸ್ತಿ ಇರಬಹುದು. ಬಿಸಿ ಕಾವಲಿ ತಾಗಿದ ತಕ್ಷಣ ಆ ನೀರು ಆವಿಯಾಗಿ ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ. ಚುಂಯ್ ಅಂದರೆ ಅದೇ. ತುಪ್ಪ ಕಾಯಿಸುವಾಗ ಆ ನೀರನ್ನು ಮೊದಲೇ ಓಡಿಸಿರುತ್ತೇವೆ. ಅದಕ್ಕೆ ಅದು ಸುಮ್ಮನೆ ಹರಡಿಕೊಳ್ಳುತ್ತದೆ.

ಇದು ಗೊತ್ತಿದ್ದರೆ ಶೂಟಿಂಗ್ ಸುಲಭ. ನೀರು ಮುಗಿದರೆ ಸದ್ದೂ ಮುಗಿಯಿತು. ಬೆಣ್ಣೆ ಹಾಕಿ, ಆಮೇಲೆ ಕ್ಯಾಮೆರಾ ಸರಿ ಮಾಡುತ್ತಾ ನಿಂತರೆ ಉಳಿಯುವುದು ಬರೀ ಎಣ್ಣೆಯಂಥ ಜಿಡ್ಡು. ಮೊದಲು ರೆಕಾರ್ಡಿಂಗ್ ಶುರುವಾಗಬೇಕು, ನಂತರ ಬೆಣ್ಣೆ ಬೀಳಬೇಕು. ಬೆಣ್ಣೆಯನ್ನು ಫ್ರಿಜ್ಜಿನಿಂದ ಆಗಷ್ಟೇ ತೆಗೆದಿದ್ದರೆ ಮುದ್ದೆ ತನ್ನ ಆಕಾರವನ್ನು ಕೆಲವು ಸೆಕೆಂಡು ಉಳಿಸಿಕೊಂಡು ಜಾರುತ್ತದೆ. ಹೊರಗಿಟ್ಟು ಮೆತ್ತಗಾಗಿದ್ದರೆ ಬಿದ್ದ ಕ್ಷಣವೇ ಕುಸಿದುಬಿಡುತ್ತದೆ, ಕ್ಯಾಮೆರಾಗೆ ಏನೂ ಸಿಗುವುದಿಲ್ಲ.

ಕಾವಲಿಯ ಕಾವನ್ನೂ ನೋಡಿಕೊಳ್ಳಿ. ನೀರು ಚಿಮುಕಿಸಿದಾಗ ಹನಿಗಳು ಮುತ್ತಿನಂತೆ ಉರುಳಾಡಿದರೆ ಕಾವಲಿ ತುಂಬ ಕಾದಿದೆ ಅಂತ ಅರ್ಥ. ಆಗ ಬೆಣ್ಣೆ ಬೇಗ ಕಪ್ಪಾಗಿ ಹೊಗೆ ಬರುತ್ತದೆ. ಕ್ಯಾಮೆರಾದಲ್ಲಿ ಆ ಹೊಗೆಯೂ ಹಬೆಯಂತೆಯೇ ಕಾಣಬಹುದು, ಆದರೆ ಅಂಚಿನ ಕಪ್ಪು ಬಣ್ಣ ಸುಳ್ಳು ಹೇಳುವುದಿಲ್ಲ.

ಎಷ್ಟು ಹತ್ತಿರ ಹೋಗಬೇಕು?

ನೋಡುವವರಿಗೆ ಇದು ಏನು ಅಂತ ಗೊತ್ತಾಗುವಷ್ಟು ದೂರ ಉಳಿಸಿಕೊಳ್ಳಿ. ದೋಸೆಯ ಅಂಚಿನ ಜಾಲರಿಯಂಥ ರಂಧ್ರಗಳು, ಅವುಗಳಲ್ಲಿ ನಿಂತ ಬೆಣ್ಣೆ, ಇಷ್ಟು ಕಂಡರೆ ಆಸೆಯಾಗುತ್ತದೆ. ಅದಕ್ಕಿಂತ ಒಳಗೆ ಹೋದರೆ ಅದು ದೋಸೆಯಾಗಿ ಉಳಿಯುವುದಿಲ್ಲ, ಯಾವುದೋ ಜಿಡ್ಡಿನ ಚರ್ಮದ ಹಾಗೆ ಕಾಣುತ್ತದೆ. ಎಲ್ಲ ಶಾಟೂ ಅತಿ ಹತ್ತಿರದ್ದೇ ಆದರೂ ಕಣ್ಣಿಗೆ ಸುಸ್ತು. ನಡುನಡುವೆ ಒಂದು ಕೈ, ಒಂದು ತಟ್ಟೆ, ಕಾವಲಿಯ ಅಂಚು ಕಾಣಲಿ. ಆಗಲೇ ಗಾತ್ರದ ಅಂದಾಜು ಸಿಗುವುದು.

ಮೊಬೈಲನ್ನು ಕೈಚಾಚಿ ಕಾವಲಿಯ ಹತ್ತಿರ ಹಿಡಿಯಬೇಡಿ. ಮೂರು ತೊಂದರೆ ಒಟ್ಟಿಗೆ ಬರುತ್ತವೆ: ಫೋಕಸ್ ಸಿಗುವುದಿಲ್ಲ, ಫೋನಿನ ನೆರಳೇ ದೋಸೆಯ ಮೇಲೆ ಬೀಳುತ್ತದೆ, ಲೆನ್ಸಿಗೆ ಹಬೆ ಕೂತು ಎಲ್ಲ ಮಸುಕಾಗುತ್ತದೆ. ಒಂದೂವರೆ ಅಡಿ ಹಿಂದೆ ನಿಂತು 2x ಹಾಕಿ. ಫೋನಿಗೆ ಬೇರೆ ಟೆಲಿ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಕೆಲವು ಫೋನುಗಳು ಹತ್ತಿರ ಹೋದ ತಕ್ಷಣ ತಾವಾಗಿಯೇ ಅಗಲದ ಲೆನ್ಸಿಗೆ ಬದಲಾಗಿ ಮ್ಯಾಕ್ರೋ ಮೋಡಿಗೆ ಹೋಗುತ್ತವೆ. ಚಿತ್ರ ಇದ್ದಕ್ಕಿದ್ದಂತೆ ಕುಪ್ಪಳಿಸಿದರೆ ಅದೇ ಕಾರಣ. ಅದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿ. ಪ್ರತಿ ಶಾಟಿಗೂ ಮುಂಚೆ ಲೆನ್ಸನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಗಾಳಿಯಲ್ಲೇ ಜಿಡ್ಡಿರುತ್ತದೆ, ದೀಪಗಳ ಸುತ್ತ ಮಂಜಿನ ಬಳೆ ಕಂಡರೆ ಲೆನ್ಸ್ ಕೊಳೆಯಾಗಿದೆ ಅಂತ ತಿಳಿಯಿರಿ.

ಬೆಳಕು ಹೇಗಿರಬೇಕು? ಹೋಟೆಲಿನಲ್ಲಿ ಬರೀ ಟ್ಯೂಬ್‌ಲೈಟ್ ಇದೆ.

ಟ್ಯೂಬ್‌ಲೈಟ್ ಆಫ್ ಮಾಡಿ, ಬಾಗಿಲ ಬಳಿ ಬನ್ನಿ. ತಟ್ಟೆಯ ಶಾಟುಗಳಿಗೆ ಕಿಟಕಿಯ ಅಥವಾ ಬಾಗಿಲ ಬೆಳಕೇ ಸಾಕು. ಬೆಳಕು ದೋಸೆಯ ಹಿಂದಿನಿಂದ, ಸ್ವಲ್ಪ ಪಕ್ಕಕ್ಕೆ ಬರುವಂತೆ ತಟ್ಟೆ ಇಡಿ. ತಟ್ಟೆಯನ್ನು ಗಡಿಯಾರ ಅಂದುಕೊಂಡು, ನೀವು 6ರ ಕಡೆ ನಿಂತರೆ, ಬೆಳಕು 10 ಅಥವಾ 2ರ ಕಡೆಯಿಂದ ಬರಲಿ. ಮುಂದಿನ ಭಾಗ ಕಪ್ಪಾದರೆ ನಿಮ್ಮ ಕಡೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಅಷ್ಟೇ.

ಹಿಂದಿನ ಬೆಳಕೇ ಯಾಕೆ ಅಂದರೆ, ಬೆಣ್ಣೆಯ ಹೊಳಪು ಕನ್ನಡಿಯ ನಿಯಮದಲ್ಲಿ ಕೆಲಸ ಮಾಡುತ್ತದೆ. ಎದುರಿನಿಂದ ಬಂದ ಬೆಳಕು ಕರಗಿದ ಬೆಣ್ಣೆಯ ಮೇಲೆ ಬಿದ್ದು, ಪುಟಿದು ನಿಮ್ಮ ಲೆನ್ಸಿಗೆ ಬರಬೇಕು. ಕ್ಯಾಮೆರಾದ ಪಕ್ಕದಿಂದಲೇ ಬೆಳಕು ಹಾಕಿದರೆ, ಅಂದರೆ ಫೋನಿನ ಫ್ಲಾಶ್ ಹಾಕಿದರೆ, ಹೊಳಪು ಹೋಗಿ ಬರೀ ಎಣ್ಣೆ ಕಲೆಯಂತೆ ಕಾಣುತ್ತದೆ. ಅಂಚಿನ ಏರಿಳಿತದ ನೆರಳೂ ಮಾಯವಾಗಿ ದೋಸೆ ಚಪ್ಪಟೆಯಾಗುತ್ತದೆ.

ಬಣ್ಣದ ಮಾತು ಬೇರೆ. ಟ್ಯೂಬ್‌ಲೈಟಿನ ಕೆಳಗೆ ದೋಸೆಯ ಕೆಂಪು ಹಸಿರಿಗೆ ತಿರುಗಿ ಹಳಸಿದಂತೆ ಕಾಣುವುದುಂಟು. ಕಿಟಕಿ ಬೆಳಕು ಮತ್ತು ಟ್ಯೂಬ್‌ಲೈಟ್ ಎರಡನ್ನೂ ಸೇರಿಸಿದರೆ ಇನ್ನೂ ಕಷ್ಟ, ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಯಾವುದಾದರೂ ಒಂದೇ ಬೆಳಕು ಇಟ್ಟುಕೊಂಡು ವೈಟ್ ಬ್ಯಾಲೆನ್ಸನ್ನು ಅದಕ್ಕೆ ಲಾಕ್ ಮಾಡಿ.

ದೋಸೆ ಸರಿ ಕಾಣುತ್ತದೆ, ಆದರೆ ಬೆಣ್ಣೆ, ಚಟ್ನಿ ಬಿಳಿ ಪೇಂಟಿನಂತೆ ಕಾಣುತ್ತವೆ.

ಕಪ್ಪು ಕಾವಲಿ ನೋಡಿದ ಫೋನು ದೃಶ್ಯ ಕತ್ತಲಾಗಿದೆ ಅಂದುಕೊಂಡು ಬೆಳಕು ಏರಿಸುತ್ತದೆ. ಬಿಳಿಯ ವಿವರಗಳು ಅಲ್ಲೇ ಕಳೆದುಹೋಗುತ್ತವೆ. ಪರದೆಯ ಮೇಲೆ ಬೆಣ್ಣೆಯನ್ನೇ ಒತ್ತಿ ಹಿಡಿಯಿರಿ. ಐಫೋನಿನಲ್ಲಿ `AE/AF LOCK` ಅಂತ ಬರುತ್ತದೆ, ಬೇರೆ ಫೋನುಗಳಲ್ಲಿ ಬೀಗದ ಚಿತ್ರ ಬರಬಹುದು. ಆಮೇಲೆ ಬೆರಳನ್ನು ಕೆಳಗೆ ಎಳೆದು ಬೆಳಕು ಸ್ವಲ್ಪ ಇಳಿಸಿ. ಚಟ್ನಿಯಲ್ಲಿ ತೆಂಗಿನ ತುರಿಯ ಕಣಗಳು ಕಾಣಲು ಶುರುವಾದಾಗ ನಿಲ್ಲಿಸಿ. ಕಾವಲಿ ಪೂರ್ತಿ ಕಪ್ಪಾದರೂ ಪರವಾಗಿಲ್ಲ, ಅದನ್ನು ಯಾರೂ ತಿನ್ನುವುದಿಲ್ಲ.

ಹಬೆ ಕ್ಯಾಮೆರಾದಲ್ಲಿ ಬರುವುದೇ ಇಲ್ಲ. ಏನು ಮಾಡಬೇಕು?

ಕಣ್ಣಿಗೆ ಕಾಣುವ ಹಬೆ ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ನೀರಿನ ಹನಿಗಳು. ಅವು ಕಾಣಬೇಕಾದರೆ ಹಿಂದಿನಿಂದ ಬೆಳಕು, ಹಿಂದೆ ಕಪ್ಪು ಹಿನ್ನೆಲೆ ಎರಡೂ ಬೇಕು. ಬಿಳಿ ಗೋಡೆಯ ಮುಂದೆ ಎಷ್ಟೇ ಹಬೆ ಬಂದರೂ ಕಾಣುವುದಿಲ್ಲ. ಕಪ್ಪು ಕಂಬಳಿ, ಹಳೆಯ ಮರದ ಬಾಗಿಲು, ಯಾವುದಾದರೂ ಆದೀತು.

ಫ್ಯಾನ್ ನಿಲ್ಲಿಸಿ. ಬೆಳಗಿನ ತಂಪು ಹೊತ್ತಿನಲ್ಲೇ ತೆಗೆಯಿರಿ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಬಿಸಿ ಒಣಗಾಳಿಯಲ್ಲಿ ಆ ಹನಿಗಳು ಹುಟ್ಟುತ್ತಲೇ ಆರಿಹೋಗುತ್ತವೆ. ಇನ್ನೊಂದು ವಿಷಯ: ದೋಸೆಯ ಮೇಲ್ಮೈಯಿಂದ ಬರುವ ಹಬೆ ಕಡಿಮೆ. ಜಾಸ್ತಿ ಹಬೆ ಇರುವುದು ಮಡಿಕೆಯ ಒಳಗೆ, ಮತ್ತು ಬಿಸಿ ಆಲೂಗೆಡ್ಡೆ ಪಲ್ಯದಲ್ಲಿ. ಅದಕ್ಕೇ ಹಬೆಯ ಶಾಟು ಅಂದರೆ ಮುರಿಯುವ ಶಾಟೇ. ಬೆರಳು ಮಡಿಕೆ ತೆರೆದ ಕ್ಷಣ ಒಂದು ಉಸಿರಿನಷ್ಟು ಹಬೆ ಹೊರಬರುತ್ತದೆ. ಅದು ಸಿಕ್ಕರೆ ಸಾಕು.

ಊದುಬತ್ತಿಯ ಹೊಗೆ ಇಡುವವರನ್ನು ನೋಡಿದ್ದೇನೆ. ಬೇಡ. ಹೊಗೆ ಎಳೆ ಎಳೆಯಾಗಿ ಸುರುಳಿ ಸುತ್ತುತ್ತದೆ, ಹಬೆ ಅಗಲವಾಗಿ ಎದ್ದು ಬೇಗ ಕರಗುತ್ತದೆ. ದಿನಾ ಅಡುಗೆ ಮಾಡುವವರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಸ್ಲೋ ಮೋಷನ್ ಎಲ್ಲಿ ಹಾಕಬೇಕು?

ಬೆಣ್ಣೆ ಜಾರುವ ಕಡೆ ಮಾತ್ರ. ಸೆಕೆಂಡಿಗೆ 120 ಫ್ರೇಮಿನಲ್ಲಿ ತೆಗೆದು 30ರಲ್ಲಿ ಓಡಿಸಿದರೆ ನಾಲ್ಕು ಪಟ್ಟು ನಿಧಾನವಾಗುತ್ತದೆ, ಅಷ್ಟು ಸಾಕು. 240 ಹಾಕಿದರೆ ಎರಡೂವರೆ ಸೆಕೆಂಡಿನಲ್ಲಿ ಬೆಣ್ಣೆ ಕದಲುವುದೇ ಇಲ್ಲ.

ಹಿಟ್ಟು ಹರಡುವ ಕೈಯನ್ನು ದಯವಿಟ್ಟು ನಿಧಾನ ಮಾಡಬೇಡಿ. ಸೌಟು ಸುತ್ತುವ ಆ ಲಯ ವರ್ಷಗಟ್ಟಲೆ ಕೆಲಸದಿಂದ ಬಂದದ್ದು, ಅದರ ವೇಗದಲ್ಲೇ ಅದರ ಚೆಂದ. ಮುರಿಯುವ ಶಾಟನ್ನೂ ನಿಧಾನ ಮಾಡಬೇಡಿ. ಸದ್ದು ಒಂದು ಕ್ಷಣ, ಚಿತ್ರ ನಾಲ್ಕು ಕ್ಷಣ ಆದರೆ ಎರಡೂ ಕೂಡಿಕೊಳ್ಳುವುದಿಲ್ಲ.

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಎಲ್‌ಇಡಿ, ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಸ್ಲೋ ಮೋಷನ್ ತೆಗೆದರೆ ಚಿತ್ರ ಮಿಣುಕುತ್ತದೆ, ಪಟ್ಟೆ ಪಟ್ಟೆಯಾಗಿ ಓಡುತ್ತದೆ. ಹಗಲ ಬೆಳಕಿನಲ್ಲಿ ಆ ಸಮಸ್ಯೆ ಇಲ್ಲ.

ಚುಂಯ್ ಸದ್ದು ರೆಕಾರ್ಡಿನಲ್ಲಿ ಸತ್ತೇ ಹೋಗುತ್ತದೆ. ಮೈಕ್ ಸರಿ ಇಲ್ಲವಾ?

ಮೈಕ್ ಸರಿ ಇರಬಹುದು. ಹೆಚ್ಚಿನ ಸಲ ತಪ್ಪು ಮಾಡುವುದು ಫೋನಿನ ಅಥವಾ ಎಡಿಟಿಂಗ್ ಆ್ಯಪಿನ ಗದ್ದಲ ತೆಗೆಯುವ ಸೌಲಭ್ಯ. ಅದಕ್ಕೆ ಮನುಷ್ಯರ ಮಾತು ಬೇಕು, ಸೊಯ್ ಅನ್ನುವ ಎಲ್ಲವೂ ಗದ್ದಲ. ಬೆಣ್ಣೆಯ ಸದ್ದೂ ಆ ಜಾತಿಯದೇ. ಅದು ನಮ್ಮ ಜಾಹೀರಾತಿನ ಜೀವವನ್ನೇ ಒರೆಸಿಹಾಕುತ್ತದೆ. ಮೊದಲು ಅದನ್ನು ಆಫ್ ಮಾಡಿ.

ಇದೇ ಕಾರಣಕ್ಕೆ ಎಕ್ಸಾಸ್ಟ್ ಫ್ಯಾನಿನ ಸದ್ದನ್ನು ಆಮೇಲೆ ತೆಗೆಯುತ್ತೇನೆ ಅಂದುಕೊಳ್ಳಬೇಡಿ. ಫ್ಯಾನಿನದೂ ಬೆಣ್ಣೆಯದೂ ಹತ್ತಿರ ಹತ್ತಿರದ ಸದ್ದು. ಒಂದನ್ನು ತೆಗೆಯಲು ಹೋದರೆ ಇನ್ನೊಂದೂ ಹೋಗುತ್ತದೆ. ರೆಕಾರ್ಡ್ ಮಾಡುವ ಒಂದು ನಿಮಿಷ ಎಕ್ಸಾಸ್ಟ್, ಫ್ರಿಜ್ಜು, ಗ್ರೈಂಡರ್ ನಿಲ್ಲಿಸಿ, ಕೂಡಲೇ ಮತ್ತೆ ಹಾಕಿ. ಗ್ಯಾಸಿನ ಉರಿ ದೊಡ್ಡದಾಗಿದ್ದರೆ ಅದೂ ಭರ್ ಅನ್ನುತ್ತದೆ. ಬೆಣ್ಣೆ ಹಾಕುವ ಮುಂಚೆ ಉರಿ ಸಣ್ಣ ಮಾಡಿ, ದಪ್ಪ ಕಬ್ಬಿಣದ ಕಾವಲಿಯಲ್ಲಿ ಕಾವು ಉಳಿದೇ ಇರುತ್ತದೆ. ಸೌದೆ ಒಲೆಯಾದರೆ ಚಟಪಟ ಸದ್ದು ಬರಲಿ ಬಿಡಿ, ಅದು ಚೆನ್ನಾಗಿಯೇ ಇರುತ್ತದೆ.

ಸದ್ದಿಗೆ ಎರಡನೇ ಫೋನು ಇಟ್ಟುಕೊಳ್ಳಿ. ಕಾವಲಿಯ ಪಕ್ಕದಿಂದ ಒಂದು ಗೇಣು ದೂರ, ನೇರ ಮೇಲೆ ಬೇಡ, ಆವಿ ಒಳಗೆ ಹೋಗುತ್ತದೆ. ಮಾತಿನ ಮಟ್ಟಕ್ಕೆ ಬೆಣ್ಣೆಯ ಸದ್ದನ್ನು ಏರಿಸಬೇಡಿ. ಮಾತು ಬರುವ ಜಾಗದಲ್ಲಿ ಸ್ವಲ್ಪ ಇಳಿಸಿ, ಮಾತು ಮುಗಿದ ಮೇಲೆ ಮತ್ತೆ ಏರಿಸಿ.

ಗರಿಗರಿ ಸದ್ದನ್ನು ಜಾಸ್ತಿ ಮಾಡಿದರೆ ಜನಕ್ಕೆ ನಿಜವಾಗಿಯೂ ಗರಿಗರಿ ಅನ್ನಿಸುತ್ತದಾ?

ಸದ್ದಿಗೂ ಗರಿಗರಿಗೂ ಸಂಬಂಧ ಇದೆ ಅನ್ನುವುದು ಬರೀ ಊಹೆಯಲ್ಲ. ಆಕ್ಸ್‌ಫರ್ಡ್‌ನಲ್ಲಿ ಮಾಸ್ಸಿಮಿಲಿಯಾನೊ ಜಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಆಲೂಗೆಡ್ಡೆ ಚಿಪ್ಸ್ ಮೇಲೆ ಒಂದು ಪ್ರಯೋಗ ಮಾಡಿ 2004ರಲ್ಲಿ ಪ್ರಕಟಿಸಿದರು. ಚಿಪ್ಸ್ ಕಚ್ಚುವವರಿಗೆ ಅವರದೇ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದರು. ಒಟ್ಟು ಸದ್ದನ್ನು ಏರಿಸಿದಾಗ, ಅಥವಾ ಅದರ ತೀಕ್ಷ್ಣ ಭಾಗವನ್ನು ಮಾತ್ರ ಏರಿಸಿದಾಗ, ಜನ ಅದೇ ಥರದ ಚಿಪ್ಸನ್ನು ಹೆಚ್ಚು ಗರಿಗರಿ, ಹೆಚ್ಚು ತಾಜಾ ಅಂದರು.

ಆದರೆ ಗಮನಿಸಿ, ಅವರು ತಿನ್ನುತ್ತಿದ್ದರು. ನಮ್ಮ ಜಾಹೀರಾತು ನೋಡುವವರ ಬಾಯಲ್ಲಿ ಏನೂ ಇಲ್ಲ. ಹಾಗಾಗಿ ಅಲ್ಲಿಂದ ನಾನು ತೆಗೆದುಕೊಳ್ಳುವುದು ಒಂದೇ ಮಾತು: ಆ ತೀಕ್ಷ್ಣ ಭಾಗವನ್ನು ಕಳೆದುಕೊಳ್ಳಬೇಡಿ. ಅದನ್ನು ಕೊಲ್ಲುವುದು ದೂರದ ಮೈಕು ಮತ್ತು ಮೇಲೆ ಹಾಕಿದ ಸಂಗೀತ. ಮುರಿಯುವ ಕ್ಷಣದಲ್ಲಿ ಸಂಗೀತ ಪೂರ್ತಿ ನಿಲ್ಲಲಿ.

ಬೆಣ್ಣೆ ದೋಸೆಯ ಸದ್ದು ಹಪ್ಪಳದ ಸದ್ದಲ್ಲ. ಅದು ದಪ್ಪ, ಹಿಟ್ಟಿನಲ್ಲಿ ಮಂಡಕ್ಕಿ ಇರುತ್ತದೆ, ಹೊರಗೆ ಮಾತ್ರ ಗರಿ, ಒಳಗೆ ಮೆತ್ತಗೆ. ಮುರಿದಾಗ ಒಂದು ಸಣ್ಣ ಕರ್ ಅಂತ ಬಂದು ನಿಂತುಬಿಡುತ್ತದೆ. ಅದಕ್ಕೆ ಚಿಪ್ಸಿನ ಕರುಂ ಕುರುಂ ಅಂಟಿಸಿದರೆ ತಿಂದವರಿಗೆ ಮೋಸ ಅನ್ನಿಸುತ್ತದೆ. ಅದೇ ದೋಸೆಯ ಸದ್ದನ್ನು ಬೇರೆಯಾಗಿ, ಮೈಕ್ ಹತ್ತಿರ ಇಟ್ಟು ರೆಕಾರ್ಡ್ ಮಾಡಿ ಜೋಡಿಸುವುದು ತಪ್ಪಲ್ಲ. ಸದ್ದಿಗೆ ಅಂತ ಹುಯ್ದ ದೋಸೆಯನ್ನು ತಟ್ಟೆಗೆ ಹಾಕದೆ ಜಾಲರಿಯ ಮೇಲೆ ಅರ್ಧ ನಿಮಿಷ ಇಡಿ. ತಟ್ಟೆಯಲ್ಲಿ ಕೆಳಗಿನ ಆವಿ ಹೊರಹೋಗಲಾರದೆ ಅದೇ ದೋಸೆಯನ್ನು ನೆನೆಸುತ್ತದೆ.

ಒಂದು ದೋಸೆ ಎಷ್ಟು ಹೊತ್ತು ಕ್ಯಾಮೆರಾ ಮುಂದೆ ಬಾಳುತ್ತದೆ?

ಒಂದೆರಡು ನಿಮಿಷ. ಅಷ್ಟರಲ್ಲಿ ಅಂಚು ಬಾಗುತ್ತದೆ, ಹೊಳಪು ಮಸುಕಾಗಿ ಬೆಣ್ಣೆ ಮೇಣದಂತೆ ಕೂರಲು ಶುರುವಾಗುತ್ತದೆ, ಪಲ್ಯದ ತೇವ ಕೆಳಗೆ ಇಳಿಯುತ್ತದೆ. ಒಂದು ಶಾಟಿಗೆ ಒಂದು ದೋಸೆ ಅಂತಲೇ ಲೆಕ್ಕ ಹಾಕಿ ಹಿಟ್ಟು ಇಟ್ಟುಕೊಳ್ಳಿ. ಫ್ರೇಮು, ಫೋಕಸ್, ಬೆಳಕು ಸರಿ ಮಾಡಲು ಮೊದಲು ಒಂದು ಹಳೆಯ ದೋಸೆ ಇಡಿ. ಎಲ್ಲ ಸಿದ್ಧವಾದ ಮೇಲೆ ಬಿಸಿಯದು ಬರಲಿ.

ಮಾತು ಎಷ್ಟು ಇರಬೇಕು? ನಮ್ಮ ಮಾಲೀಕರು ಒಂದು ಪುಟ ಬರೆದುಕೊಟ್ಟಿದ್ದಾರೆ.

20 ಸೆಕೆಂಡಿಗೆ 20 ಪದಕ್ಕಿಂತ ಕಡಿಮೆ. ಓದುತ್ತಾ ಹೋದರೆ 40 ಪದ ತುರುಕಬಹುದು, ಆದರೆ ಆಗ ಬೆಣ್ಣೆಗೆ ಸದ್ದು ಮಾಡಲು ಜಾಗವೇ ಇರುವುದಿಲ್ಲ. ಮಾಲೀಕರ ಪುಟದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? "ಅತ್ಯಂತ ರುಚಿಕರವಾದ, ಸ್ವಾದಿಷ್ಟವಾದ, ಬಾಯಲ್ಲಿ ನೀರೂರಿಸುವ, ಶುಚಿರುಚಿಯಾದ ಬೆಣ್ಣೆ ದೋಸೆ." ಇದರಲ್ಲಿ ಒಂದು ಪದವೂ ನಾಲಿಗೆಗೆ ತಾಗುವುದಿಲ್ಲ. ಬೆಣ್ಣೆ ದೋಸೆ ತೆಗೆದು ಪಾನಿಪುರಿ ಅಂತ ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ಪದವನ್ನು ಪರೀಕ್ಷೆ ಮಾಡಲು ಇದೇ ದಾರಿ: ಬೇರೆ ತಿಂಡಿಗೂ ಹೊಂದಿಕೊಂಡರೆ ಆ ಪದ ಬೇಡ.

ಬಾಯಲ್ಲಿ ನೀರೂರಿಸುವುದು ನಮ್ಮ ಕೆಲಸ. ನೀರೂರುತ್ತದೆ ಅಂತ ನಾವೇ ಹೇಳಿದರೆ ಊರುವುದಿಲ್ಲ.

ಹಾಗಾದರೆ ಯಾವ ಪದಗಳು ಕೆಲಸ ಮಾಡುತ್ತವೆ?

ಈ ವಿಷಯದಲ್ಲಿ ನಾವು ಶ್ರೀಮಂತರು. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಅನ್ನುತ್ತದೆ, ಸಾರು ಕೊತಕೊತ ಕುದಿಯುತ್ತದೆ, ಚಕ್ಕುಲಿ ಕರುಂ ಕುರುಂ, ಕಾಫಿ ಸೊರ್ ಅಂತ ಒಳಗೆ ಹೋಗುತ್ತದೆ, ತುಪ್ಪ ಘಮಘಮ. ಅಡುಗೆಮನೆಯಲ್ಲಿ ಅಜ್ಜಿಯಂದಿರು ಆಡುವ ಈ ಪದಗಳು ಹೇಳುವಾಗಲೇ ಆ ಸದ್ದು ಮಾಡುತ್ತವೆ. ಅವುಗಳ ಮುಂದೆ "ಸ್ವಾದಿಷ್ಟ" ನಿಲ್ಲುವುದಿಲ್ಲ.

ಆದರೆ ಅಳತೆ ಇರಲಿ. ಗರಿಗರಿ, ಬಿಸಿಬಿಸಿ, ಘಮಘಮ ಮೂರನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಮಕ್ಕಳ ಪದ್ಯವಾಗುತ್ತದೆ. ಎಲ್ಲ ಜಾಹೀರಾತಿನಲ್ಲೂ ಅವೇ ಬಂದು ಸವೆದೂ ಹೋಗಿವೆ. 20 ಸೆಕೆಂಡಿಗೆ ಒಂದು ಜೋಡಿ ಪದ ಸಾಕು. ಉಳಿದದ್ದನ್ನು ಸೀದಾ ವಸ್ತುವಿನಿಂದ ಹೇಳಿ. "ಘಮಘಮ ದೋಸೆ" ಅನ್ನುವ ಬದಲು "ಕಾದ ಬೆಣ್ಣೆಯ ಘಮ ಬೀದಿಗೇ ಬರುತ್ತೆ" ಅಂದರೆ ಘಮ ಎಲ್ಲಿಂದ ಬಂತು, ಎಲ್ಲಿಯವರೆಗೆ ಬಂತು ಎರಡೂ ಗೊತ್ತಾಗುತ್ತದೆ. "ಅಂಚು ಗರಿಗರಿ, ನಡು ಮೆತ್ತಗೆ" ಅಂದರೆ ಬೆಣ್ಣೆ ದೋಸೆ ಮಸಾಲೆ ದೋಸೆಗಿಂತ ಹೇಗೆ ಬೇರೆ ಅನ್ನುವುದೇ ಅದರಲ್ಲಿ ಬಂತು.

ಊರಿನ ಮಾತನ್ನೂ ಬಿಡಬೇಡಿ. ಧಾರವಾಡದ ಖಾನಾವಳಿಗೆ ಖಡಕ್ ರೊಟ್ಟಿಯ ಜಾಹೀರಾತು ಮಾಡುವಾಗ ಬೆಂಗಳೂರಿನ ಟೀವಿ ಕನ್ನಡ ಹಾಕಿದರೆ ರೊಟ್ಟಿ ಕೂಡ ಪರಕೀಯವಾಗುತ್ತದೆ. ಸಾಧ್ಯವಾದರೆ ಗಲ್ಲಾದ ಮೇಲೆ ಕೂರುವವರೋ ದೋಸೆ ಹುಯ್ಯುವವರೋ ತಮ್ಮ ದನಿಯಲ್ಲೇ ಹೇಳಲಿ.

ಪೂರ್ತಿ 20 ಸೆಕೆಂಡನ್ನು ಒಮ್ಮೆ ಬಿಡಿಸಿ ಹೇಳುತ್ತೀರಾ?

ಮೊದಲ ಎರಡೂವರೆ ಸೆಕೆಂಡು ಬೆಣ್ಣೆ, ಸ್ಲೋ ಮೋಷನ್, ಚುಂಯ್ ಮಾತ್ರ. ಇಲ್ಲಿ ಸದ್ದು ಎರಡನೇ ಫೋನಿನದು, ಅದನ್ನು ನಿಧಾನ ಮಾಡುವುದಿಲ್ಲ. ಐದನೇ ಸೆಕೆಂಡಿನವರೆಗೆ ಹಿಟ್ಟು ಹರಡುವ ಕೈ, ಮೇಲಿನಿಂದ, ಮಾಮೂಲಿ ವೇಗದಲ್ಲಿ. ಸೌಟು ಕಾವಲಿಗೆ ಸವರುವ ಸದ್ದು ಇರಲಿ. ಆಮೇಲೆ ಮಗುಚುವ ಕೈ ಅಂಚಿನ ಕೆಳಗೆ ಹೋಗಿ ದೋಸೆಯನ್ನು ಎತ್ತುತ್ತದೆ, ಕೆಳಗಿನ ಕೆಂಪು ಕಾಣುತ್ತದೆ. ಇಲ್ಲಿ ಮೊದಲ ಮಾತು: "ಕಾದ ಬೆಣ್ಣೆಯ ಘಮ ಬೀದಿಗೇ ಬರುತ್ತೆ." ಇಷ್ಟಕ್ಕೆ ಎಂಟು ಸೆಕೆಂಡು.

ಎಂಟರಿಂದ ಹನ್ನೊಂದು, ಬಾಗಿಲ ಬೆಳಕಿನಲ್ಲಿ ತಟ್ಟೆ, ಎರಡು ಬೆರಳು ದೋಸೆ ಮುರಿಯುತ್ತವೆ. ಕರ್ ಅನ್ನುವ ಸದ್ದು, ಹಬೆ. ಮಾತು, ಸಂಗೀತ ಎರಡೂ ಇಲ್ಲ. ಇಡೀ ಜಾಹೀರಾತಿನಲ್ಲಿ ಇದೇ ಮುಖ್ಯ ಜಾಗ, ಇದಕ್ಕೆ ಪೂರ್ತಿ ಮೂರು ಸೆಕೆಂಡು ಕೊಡಿ. ಕೈ ಶುಚಿಯಾಗಿರಲಿ, ಉಗುರು ಕತ್ತರಿಸಿರಲಿ. ಇಷ್ಟು ಹತ್ತಿರದಲ್ಲಿ ಉಗುರಿನ ಕೊಳೆಯೇ ಮೊದಲು ಕಣ್ಣಿಗೆ ಬೀಳುವುದು.

ನಂತರ ಆ ತುಂಡು ಚಟ್ನಿಯಲ್ಲಿ ಅದ್ದಿ, ಸ್ವಲ್ಪ ಪಲ್ಯ ಹಿಡಿದು ಮೇಲೆ ಬರುತ್ತದೆ. "ಅಂಚು ಗರಿಗರಿ, ನಡು ಮೆತ್ತಗೆ." ಹದಿನಾರನೇ ಸೆಕೆಂಡಿಗೆ ತಟ್ಟೆ ಪೂರ್ತಿ ಕಾಣುತ್ತದೆ, ಹಿಂದೆ ಹೋಟೆಲಿನ ಜನ, ಬೋರ್ಡು. "ಬೆಳಿಗ್ಗೆ ಆರೂವರೆಗೆ ಕಾವಲಿ ಬಿಸಿ. ಬನ್ನಿ." ಹೋಟೆಲಿನ ಹೆಸರು, ರಸ್ತೆ ಬರಹದಲ್ಲಿ. ಒಟ್ಟು 14 ಪದ.

ಎಲ್ಲವನ್ನೂ ಫೋನ್ ನೆಟ್ಟಗೆ ಹಿಡಿದೇ ತೆಗೆಯಿರಿ. ರೀಲ್ಸ್‌ನಲ್ಲಿ ಕೆಳಗಿನ ಭಾಗವನ್ನು ಖಾತೆಯ ಹೆಸರು, ವಿವರಣೆ ಮುಚ್ಚುತ್ತವೆ, ಬಲಗಡೆ ಬಟನ್ನುಗಳಿರುತ್ತವೆ. ದೋಸೆಯ ಅಂಚು, ನಿಮ್ಮ ಬರಹ ಎರಡೂ ನಡುಭಾಗದಲ್ಲಿರಲಿ.

ತುಂಬಾ ಜನ ಸದ್ದು ಆಫ್ ಮಾಡಿ ನೋಡುತ್ತಾರಲ್ಲ?

ಹೌದು, ಬಸ್ಸಿನಲ್ಲಿ, ಆಫೀಸಿನಲ್ಲಿ ನೋಡುವವರು ಹಾಗೇ. ಅವರಿಗೆ ಆಡಿದ ಮಾತನ್ನೇ ಬರಹದಲ್ಲಿ ಕೊಡಿ. ಮುರಿಯುವ ಶಾಟಿನಲ್ಲಿ ಮಾತ್ರ "ಕರ್‌ರ್" ಅಂತ ಒಂದು ಪದ, ಸರಿಯಾಗಿ ಮುರಿದ ಫ್ರೇಮಿನಲ್ಲೇ ಬಂದು ಹೋಗಲಿ. ಮುಂಚೆ ಬಂದರೆ ಮಜಾ ಹೋಗುತ್ತದೆ.

ಹಾಕುವ ಮುಂಚೆ ಹೋಟೆಲಿಗೆ ಸಂಬಂಧ ಇಲ್ಲದ ಒಬ್ಬರಿಗೆ ಎರಡು ಸಲ ತೋರಿಸಿ. ಮೊದಲು ಸದ್ದಿಲ್ಲದೆ, ಆಮೇಲೆ ಕಣ್ಣು ಮುಚ್ಚಿಸಿ ಬರೀ ಸದ್ದು. ಸದ್ದಿಲ್ಲದೆ ನೋಡಿದವರು ಇದು ಯಾವ ದೋಸೆ ಅಂತ ಹೇಳಬೇಕು. ಕಣ್ಣು ಮುಚ್ಚಿ ಕೇಳಿದವರು ಎಲ್ಲಿ ಮುರಿಯಿತು ಅಂತ ಹೇಳಬೇಕು. ಒಂದರಲ್ಲಿ ತಪ್ಪಿದರೂ ಯಾವುದನ್ನು ಮತ್ತೆ ತೆಗೆಯಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಚೆನ್ನಾಗಿ ಕಾಣಲು ಏನನ್ನಾದರೂ ಸೇರಿಸಬಹುದಾ? ಎಲ್ಲಿಯವರೆಗೆ ಸರಿ?

ಗಿರಾಕಿಗೆ ಕೊಡುವ ತಟ್ಟೆಯಲ್ಲಿ ಇಲ್ಲದ್ದು ಚಿತ್ರದಲ್ಲೂ ಇರಬಾರದು. ದಿನಾ ಕೊಡುವಷ್ಟೇ ಬೆಣ್ಣೆ, ಅಷ್ಟೇ ಪಲ್ಯ. ಅದನ್ನು ಚೆನ್ನಾಗಿ ಜೋಡಿಸಿ, ಒಳ್ಳೆಯ ಬೆಳಕಿನಲ್ಲಿ ಇಡಿ, ಅದರಲ್ಲಿ ತಪ್ಪಿಲ್ಲ.

ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಸೂಪ್ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿದ್ದರು. ತರಕಾರಿ ಚೂರು ಮುಳುಗದೆ ಮೇಲೇ ಕಾಣಲಿ ಅಂತ. ಗೋಲಿಯನ್ನು ಯಾರೂ ತಿನ್ನಲಿಲ್ಲ, ಸೂಪು ನಿಜವಾದದ್ದೇ. ಆದರೂ ಇರುವುದಕ್ಕಿಂತ ಜಾಸ್ತಿ ತರಕಾರಿ ಇದೆ ಅನ್ನಿಸುತ್ತದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪ ಎತ್ತಿತು. 1970ರಲ್ಲಿ ಕಂಪನಿ ಆ ರೀತಿ ಮಾಡುವುದಿಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ದೋಸೆಯ ಮಡಿಕೆಯೊಳಗೆ ಟಿಶ್ಯೂ ತುರುಕಿ ಪಲ್ಯ ತುಂಬಿದಂತೆ ಉಬ್ಬಿಸುವುದೂ ಅದೇ ಲೆಕ್ಕ.

ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪದಗಳಲ್ಲೂ ಹುಷಾರು. ಆಹಾರ ಜಾಹೀರಾತಿನ ಬಗ್ಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ನಿಯಮಗಳು ತಾಜಾ, ಶುದ್ಧ, ನೈಸರ್ಗಿಕ, ಅಸಲಿ ಅನ್ನುವಂಥ ಮಾತುಗಳಿಗೆ ಷರತ್ತು ಹಾಕಿವೆ. ಕಾವಲಿಗೆ ವನಸ್ಪತಿ ಹಾಕುತ್ತಿದ್ದರೆ ಬೆಣ್ಣೆ ಅನ್ನಲೇಬೇಡಿ. ಗರಿಗರಿ, ಮೆತ್ತಗೆ, ಘಮ ಅನ್ನುವ ಪದಗಳಲ್ಲಿ ಈ ತಲೆನೋವಿಲ್ಲ. ಗಿರಾಕಿ ಬಂದು ತಿಂದು ತಾನೇ ನೋಡಿಕೊಳ್ಳುತ್ತಾನೆ.

ನಮ್ಮದು ಇಡ್ಲಿ ಹೋಟೆಲ್. ಚುಂಯ್ ಇಲ್ಲ, ಕರ್ ಇಲ್ಲ. ಏನು ಮಾಡಲಿ?

ಇಡ್ಲಿಯಲ್ಲಿ ಸದ್ದಿನ ಜಾಗವನ್ನು ಹಬೆ ತುಂಬುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವುದೇ ನಿಮ್ಮ ಮೊದಲ ಶಾಟು. ಮುಚ್ಚಳದ ಠಣ್ ಸದ್ದು, ಹಿಂದಿನ ಬೆಳಕಿನಲ್ಲಿ ಏಳುವ ದೊಡ್ಡ ಹಬೆ. ಹಬೆ ಸರಿದ ಮೇಲೆ ಇಡ್ಲಿ ಕಾಣಬೇಕು. ಲೆನ್ಸು ದೂರ ಇರಲಿ, ಇಲ್ಲಿ ಆವಿ ದೋಸೆಗಿಂತ ಎಷ್ಟೋ ಜಾಸ್ತಿ.

ಮುರಿಯುವ ಶಾಟಿನ ಬದಲು ಬಿಡಿಸುವ ಶಾಟು. ಇಡ್ಲಿಯನ್ನು ಚಮಚದಿಂದ ಕತ್ತರಿಸಬೇಡಿ, ಬೆರಳಿನಿಂದ ನಿಧಾನ ಬಿಡಿಸಿ. ಒಳಗಿನ ಸಣ್ಣ ಸಣ್ಣ ಗುಳಿಗಳು ಪಕ್ಕದ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಆಮೇಲೆ ಸಾಂಬಾರು ಹುಯ್ದು ಕ್ಯಾಮೆರಾ ಕದಲಿಸದೆ ಇಟ್ಟರೆ ಇಡ್ಲಿ ಅದನ್ನು ಹೀರುವುದು ಕಾಣುತ್ತದೆ, ಬಿಳಿ ಅಂಚಿನಿಂದ ಕೇಸರಿ ಮೇಲೇರುತ್ತದೆ. ಸದ್ದು ಬೇಕೇ ಬೇಕು ಅಂದರೆ ಸಾಂಬಾರಿನ ಒಗ್ಗರಣೆಯನ್ನು ರೆಕಾರ್ಡ್ ಮಾಡಿ, ಕರಿಬೇವು ಬಿದ್ದ ಕ್ಷಣ ಅದೂ ಚುರ್ ಅನ್ನುತ್ತದೆ. ಮಾತಿನಲ್ಲಿ ಗರಿಗರಿಯ ಹತ್ತಿರ ಹೋಗಬೇಡಿ. "ಬೆರಳಿಟ್ಟರೆ ಬಿಡಿಸಿಕೊಳ್ಳುತ್ತೆ" ಅಂದರೆ ಇಡ್ಲಿಗೆ ಸಾಕು.